‘ನೋಡೋಣ’ ಅಂದರೆ ಏನು

ಕೋಠಿಯ ಔಷಧಿ ಬಜಾರಿನ ಆ ಓಣಿಯೊಳಗೆ ಆಟೋ ಬರುವುದಿಲ್ಲ. ಬಸ್ಸಿಳಿದು, ರಟ್ಟಿನ ಪೆಟ್ಟಿಗೆ ಹೊತ್ತವರಿಗೆ ದಾರಿ ಬಿಡುತ್ತ ನಡೆದೇ ಹೋಗಬೇಕು. ಮಧುರಾ ಅಂಗಡಿ ಮುಟ್ಟುವ ಹೊತ್ತಿಗೆ ಹನುಮಂತರಾಯರು ಗೋಡೆಯ ಫ್ಯಾನಿನ ಮುಖವನ್ನು ಅವಳು ಕೂರುವ ಕುರ್ಚಿಯ ಕಡೆ ತಿರುಗಿಸಿ ಇಟ್ಟಿರುತ್ತಿದ್ದರು. ತಾವು ಮಾತ್ರ ಕೊರಳಿಗೆ ಟವೆಲ್ಲು ಸುತ್ತಿಕೊಂಡು ಬೆವರುತ್ತ ಕೂತಿರುತ್ತಿದ್ದರು.

ಹನುಮಂತರಾಯರು ಔಷಧಿಯ ಸಗಟು ವ್ಯಾಪಾರಿ. ಅವರ ಅಜ್ಜ ರಾಯಚೂರಿನಿಂದ ಬಂದು ಹಾಕಿದ ಅಂಗಡಿ ಅದು. ಬೀದಿಯಲ್ಲಿ ತೆಲುಗು, ಗಿರಾಕಿಗಳೊಡನೆ ಹಿಂದಿ, ಕೋಪ ಬಂದಾಗ ದಖನಿ. ಮನಸ್ಸು ತುಂಬಿದಾಗ ಮಾತ್ರ ಕನ್ನಡ. ಅಮೀರ್‌ಪೇಟೆಯ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಿಂದ ತಮ್ಮ ಅಂಗಡಿಯ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಬಂದ ಹುಡುಗಿ ಧಾರವಾಡದವಳು ಎಂದು ಗೊತ್ತಾದ ದಿನವೇ ಅವರು ಅವಳನ್ನು ಮಗಳೇ ಎಂದು ಕರೆದುಬಿಟ್ಟರು. ಅವಳ ಬಾಯಲ್ಲಿ ಅವರು ‘ಕಾಕಾ’ ಆದರು. ತೊಡಕು ಶುರುವಾದದ್ದು ಅಲ್ಲಿಂದಲೇ ಎನ್ನಬೇಕು.

“ಯವ್ವಾ ಮಧುರಾ, ಚಾ ಕುಡಿ ಮೊದಲ. ಆಮ್ಯಾಲ ಒಂದೀಟು ಕೆಲಸ ಐತಿ.”

ಆ ‘ಒಂದೀಟು’ ಪ್ರತಿ ವಾರ ಬರುತ್ತಿತ್ತು. ಒಂದು ವಾರ, ಅವಧಿ ಮೀರಿದ ಔಷಧಿಯನ್ನು ಕಂಪನಿಗೆ ಹಿಂದಿರುಗಿಸುವ ಲೆಕ್ಕವೂ ಇದರಲ್ಲೇ ಬರಲಿ ಎಂದರು. ಇನ್ನೊಂದು ವಾರ, ದೀಪಾವಳಿಗೆ ಡಾಕ್ಟರರಿಗೆ ಕಳಿಸುವ ಕಾರ್ಡುಗಳ ಮೇಲೆ ವಿಳಾಸ ಅಚ್ಚಾಗಲಿ ಎಂದರು. ಅವರ ಹೆಂಡತಿ ವನಜಾ ಅವರ ಮಹಿಳಾ ಮಂಡಳದ ಚೀಟಿ ಲೆಕ್ಕಕ್ಕೂ ಒಂದು ಮೂಲೆ ಬೇಕಾಯಿತು. ಈ ಸಲ ಬಂದದ್ದು ಮಲ್ಕಾಜ್‌ಗಿರಿಯಲ್ಲಿ ಹೊಸದಾಗಿ ಹಿಡಿದ ಗೋದಾಮು.

“ಅಲ್ಲೀ ಮಾಲೂ ಇದರಾಗ ಕಾಣಬೇಕು ನೋಡು. ಏನ್ ದೊಡ್ಡ ಕೆಲಸಲ್ಲ ಬಿಡು, ಇನ್ನೊಂದು ಗೋದಾಮು, ಅಷ್ಟ.”

ಮಧುರಾ ಎಂದಿನಂತೆ ನಕ್ಕಳು. ಎಂದಿನಂತೆಯೇ ಹೇಳಿದಳು: “ನೋಡೋಣ್ರೀ ಕಾಕಾ.”

ಹಿರಿಯರ ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನಬಾರದೆಂದು ಅವಳಿಗೆ ಚಿಕ್ಕಂದಿನಿಂದ ಕಲಿಸಿದ್ದರು. ಅವಳ ಮನೆಯಲ್ಲಿ ‘ನೋಡೋಣ’ ಎಂದರೆ ಸಾಕು, ಕೇಳಿದವರು ತಾವೇ ತಿಳಿದು ಮತ್ತೆ ಆ ಮಾತು ಎತ್ತುತ್ತಿರಲಿಲ್ಲ. ಹನುಮಂತರಾಯರೂ ಮತ್ತೆ ಎತ್ತಲಿಲ್ಲ. ತಿಳಿದುಕೊಂಡರು ಎಂದು ಅವಳು ನೆಮ್ಮದಿಯಿಂದ ಚಹಾ ಕುಡಿದು ಎದ್ದಳು.

ಅಮೀರ್‌ಪೇಟೆಯಲ್ಲಿ ಆಗ ಗೋಡೆ ಕಂಡಲ್ಲೆಲ್ಲ ಕಂಪ್ಯೂಟರ್ ತರಗತಿಯ ಜಾಹೀರಾತು. ಮೆಟ್ಟಿಲ ಮೇಲೆ, ಕಾಂಪೌಂಡಿನ ಮೇಲೆ, ಇಡ್ಲಿ ಬಂಡಿಯ ಬೆನ್ನಿಗೂ ಅಂಟಿಸಿರುತ್ತಿದ್ದರು. ಅಂಥದೊಂದು ಕಟ್ಟಡದ ಮೂರನೇ ಮಾಳಿಗೆಯಲ್ಲಿ ಮಧುರಾಳ ಆಫೀಸು. ಅವಳ ಕೈಕೆಳಗೆ ಇಬ್ಬರು: ಮೈಸೂರಿನ ಸೃಜನ್, ಉಡುಪಿಯ ಚಿತ್ರಾ. ಅವಳು ಮುಂದಾಳಾಗಿ ನಿಂತ ಮೊದಲ ಕೆಲಸ ಇದು.

ಮಾರ್ಚ್ ಶುರುವಿನ ಒಂದು ಬೆಳಗ್ಗೆ ಚಿತ್ರಾ ತನ್ನ ಪರದೆಯನ್ನು ಮಧುರಾಳ ಕಡೆ ತಿರುಗಿಸಿದಳು. ಕಳೆದ ವಾರ ಸರಿಯಾಗಿ ಬರುತ್ತಿದ್ದ ಬಿಲ್ಲುಗಳು ಈಗ ತಪ್ಪುತ್ತಿದ್ದವು. ಬಿಲ್ಲು ಮಾಡಿದರೂ ದಾಸ್ತಾನು ಇಳಿಯುತ್ತಿರಲಿಲ್ಲ.

“ನಾನೇನೂ ಮುಟ್ಟಲಿಲ್ಲ ಮೇಡಂ. ಮುಟ್ಟಿದ್ದು ಈ ಮಾರಾಯ,” ಎಂದು ಚಿತ್ರಾ ಸೃಜನ್ ಕಡೆ ಗದ್ದ ಎತ್ತಿದಳು.

ಸೃಜನ್ ಕಿವಿ ಕೆಂಪಾಯಿತು. “ಮಲ್ಕಾಜ್‌ಗಿರಿ ಗೋದಾಮು ಸೇರಿಸ್ತಾ ಇದ್ದೆ ಮೇಡಂ. ಈಗ ಪ್ರತಿ ಔಷಧಿಗೂ ಯಾವ ಜಾಗದ್ದು ಅಂತ ಹೇಳ್ಬೇಕು. ಹಾಗಾಗಿ ಬಿಲ್ಲು, ಖರೀದಿ, ವರದಿ ಎಲ್ಲಾ ಕಡೆ ಕೈ ಹಾಕ್ಬೇಕಾಯ್ತು.”

“ಯಾರು ಹೇಳಿದ್ರು ಸೇರಿಸು ಅಂತ?”

“ಹನುಮಂತರಾಯರು ನಂಗೇ ಫೋನ್ ಮಾಡಿದ್ರಲ್ಲ. ನಿಮ್ಮ ಮೇಡಂ ಒಪ್ಪ್ಯಾರ, ನೋಡೋಣ ಅಂದಾರ ಅಂದ್ರು.” ಅವನು ತಡೆದು ಹೇಳಿದ. “ಭಾನುವಾರವೂ ಬಂದು ಮಾಡಿದೆ. ನಿಮಗೆ ಭಾರ ಆಗ್ಬಾರ್ದು ಅಂತ.”

ಬಯ್ಯಲು ಬಾಯಿ ತೆರೆದಿದ್ದ ಮಧುರಾ ಕುರ್ಚಿ ಎಳೆದು ಅವನ ಪಕ್ಕ ಕೂತಳು. ತನ್ನ ಭಾರ ಇಳಿಸಲೆಂದು ಹುಡುಗ ಭಾನುವಾರದ ನಿದ್ದೆ ಬಿಟ್ಟಿದ್ದ. ಅದರಿಂದಲೇ ಭಾರ ಹೆಚ್ಚಾಗಿತ್ತು.

ತನ್ನ ಮೇಲಧಿಕಾರಿ ವಿನಾಯಕ ಅವರ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ವಿನಾಯಕ ಬೆಂಗಳೂರಿನವರು, ಮಿತಭಾಷಿ. ಕೇಳುತ್ತ ಕೇಳುತ್ತ ಪೆನ್ನಿನ ಟೊಪ್ಪಿಗೆ ತೆಗೆದು ಹಾಕಿ ಮಾಡಿದರು.

“ಏಪ್ರಿಲ್ ಒಂದಕ್ಕೆ ಅವರ ಹೊಸ ವರ್ಷದ ಲೆಕ್ಕ ಶುರು. ಅವತ್ತು ನಮ್ಮ ಬಿಲ್ಲು ಹೊರಗೆ ಬರದಿದ್ರೆ ಅವರು ಮತ್ತೆ ಕೈಬರಹದ ಪುಸ್ತಕ ತೆರೀತಾರೆ. ಒಮ್ಮೆ ತೆರೆದ್ರೆ ಇನ್ನೊಂದು ವರ್ಷ ಮುಚ್ಚಲ್ಲ. ಅಲ್ಲಿವರೆಗೂ ಸೃಜನ್, ಚಿತ್ರಾನ ಕೂರಿಸಿ ಸಂಬಳ ಕೊಡೋಕೆ ಮಾಲೀಕರು ಒಪ್ಪಲ್ಲ ಮಧುರಾ. ನಾನು ಕೇಳಿ ನೋಡಿದೀನಿ.”

ಮಧುರಾಳಿಗೆ ಇಬ್ಬರ ಮನೆಯೂ ನೆನಪಾಯಿತು. ಚಿತ್ರಾಳ ಸಂಬಳದಲ್ಲಿ ತಮ್ಮನ ಕಾಲೇಜು ಫೀಸು ಹೋಗುತ್ತಿತ್ತು. ಸೃಜನ್ ಮೊನ್ನೆಯಷ್ಟೇ ಊರಿನಿಂದ ತಾಯಿಯನ್ನು ಕರೆತಂದು ಎಸ್.ಆರ್. ನಗರದಲ್ಲಿ ಮನೆ ಮಾಡಿದ್ದ.

“ಬರೆದುಕೊಟ್ಟಿರೋ ಕೆಲಸ ಎಷ್ಟು, ಬಾಯಲ್ಲಿ ಬೆಳೆದಿರೋ ಕೆಲಸ ಎಷ್ಟು, ಮೊದಲು ಬೇರೆ ಮಾಡಿ,” ಎಂದರು ವಿನಾಯಕ. “ಬೆಳೆದದ್ದಕ್ಕೆ ಒಂದೊಂದಕ್ಕೂ ಚೇಂಜ್ ರಿಕ್ವೆಸ್ಟ್ ಬರೀರಿ. ಏನು ಕೇಳ್ತಿದಾರೆ, ಅದು ಯಾವ ಯಾವ ಕೆಲಸಕ್ಕೆ ತಗಲುತ್ತೆ, ಎಷ್ಟು ದಿನ ಹಿಡಿಯುತ್ತೆ, ಎಷ್ಟು ಖರ್ಚು, ತಾರೀಖು ಏನಾಗುತ್ತೆ. ಕೆಳಗೆ ಅವರ ಸಹಿ, ನಮ್ಮ ಸಹಿ. ಸಹಿ ಇಲ್ಲದೆ ಯಾರೂ ಒಂದು ಸಾಲೂ ಬರೆಯೋ ಹಾಗಿಲ್ಲ.”

“ಅವರಿಗೆ ಬೇಜಾರಾಗ್ತದ ಸರ್. ಮಗಳ ಹಂಗ ನೋಡ್ತಾರ.”

“ಈಗ ಬೇಜಾರಾದ್ರೆ ಮಾರ್ಚ್‌ನಲ್ಲಿ ಬೇಜಾರು. ಈಗ ಹೇಳದಿದ್ರೆ ಏಪ್ರಿಲ್‌ನಲ್ಲಿ ಮೋಸ.” ಆಮೇಲೆ ಕೇಳಿದರು, “ನಾನೂ ಬರಲಾ ಜೊತೆಗೆ?”

“ಬ್ಯಾಡ್ರಿ ಸರ್. ನೋಡೋಣ ಅಂದಾಕಿ ನಾನು. ನಾನ ಹೋಗಿ ಹೇಳ್ತೀನಿ.”

ಹೇಳುತ್ತೇನೆ ಎಂದಳೇ ಹೊರತು ಹೇಗೆ ಎಂಬುದು ಹೊಳೆಯಲಿಲ್ಲ. ಹನುಮಂತರಾಯರು ಸುಳ್ಳು ಹೇಳುವವರಲ್ಲ. ಹಾಗಾದರೆ ‘ಒಪ್ಪ್ಯಾರ’ ಎಂದು ಏಕೆ ಹೇಳಿದರು?

ಉತ್ತರ ಸಿಕ್ಕಿದ್ದು ಮಲ್ಕಾಜ್‌ಗಿರಿಯಲ್ಲಿ, ಅವಳ ಗಂಡನಿಗೆ ರೈಲ್ವೆಯವರು ಕೊಟ್ಟ ಕ್ವಾರ್ಟರ್ಸಿನ ಹೊಸ್ತಿಲಲ್ಲೇ. ಆ ಶುಕ್ರವಾರ ಅವಳು ಆಫೀಸಿಗೆ ಹೊರಟಿದ್ದಳು. ಎದುರುಮನೆಯ ಕೋಕಿಲಾ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಆಟೋ ಗುರುಗುಡುತ್ತಿತ್ತು.

“ಅತ್ತಯ್ಯ ರೆಡಿನಾ? ಅವ್ರನ್ನ ಭಜನೆಗೆ ಕರ್ಕೊಂಡು ಹೋಗ್ಬೇಕು. ಎಲ್ರೂ ಕಾಯ್ತಾ ಇದಾರೆ,” ಎಂದಳು ತನ್ನ ತೆಲುಗು ಬೆರೆತ ಕನ್ನಡದಲ್ಲಿ.

ಮಧುರಾಳ ಅತ್ತೆ ಅಂಬುಬಾಯಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು. ಮುಖ ನೋಡುವ ಹಾಗಿತ್ತು. ಎರಡು ನಿಮಿಷ ತಡವರಿಸಿ, ಕಡೆಗೆ ಸೀರೆ ಬದಲಿಸಲು ಒಳಗೆ ಹೋದರು. ಮಧುರಾ ಹಿಂದೆಯೇ ಹೋದಳು.

“ಹೂಂ ಅಂದಿದ್ರೇನ್ರಿ ಅತ್ಯಾ?”

“ಎಲ್ಲೀ ಹೂಂ? ಮಂಗಳವಾರ ಬಂದು ಕೇಳಿದ್ಳು. ಮಂಡಿ ನೋವು, ಆಗೂದಿಲ್ಲ ಅಂತ ಚೆಂದಾಗಿ ಹೇಳಿ ಕಳಸೀನಲ್ಲ.”

“ಏನಂತ ಹೇಳಿದ್ರಿ?”

“ನೋಡೋಣವ್ವಾ ಕೋಕಿಲಾ ಅಂದೆ. ಮತ್ತೇನು ಕುತ್ತಗಿ ಹಿಡದು ದಬ್ಬಲೇನು?” ಎಂದು ಅಂಬುಬಾಯಿ ನೆರಿಗೆ ಸಿಕ್ಕಿಸಿಕೊಂಡರು. “ತಿಳಿಯೂದಿಲ್ಲ ಬಿಡು ಈ ಮಂದಿಗೆ.”

ಮಧುರಾಳಿಗೆ ನಗು ಬಂತು. ಆಮೇಲೆ ನಗು ನಿಂತಿತು. ಕೋಕಿಲಾ ಆಟೋದಲ್ಲಿ ಅತ್ತೆ ಕೂರುವ ಕಡೆ ಮಡಿಸಿದ ಶಾಲು ಹಾಸಿದ್ದಳು, ಮಂಡಿಗೆ ಒತ್ತದಿರಲಿ ಎಂದು. ಅವಳದೇನು ತಪ್ಪು? ‘ನೋಡೋಣ’ ಎಂದವರು ಅದನ್ನು ಅಲ್ಲೇ ಬಿಟ್ಟು ಮರೆತಿದ್ದರು. ಕೇಳಿಸಿಕೊಂಡವಳು ಅದನ್ನು ಮನೆಗೆ ಒಯ್ದು ಶಾಲು ಹುಡುಕಿದ್ದಳು.

ಮರುದಿನ ಕೋಠಿಗೆ ಹೋದಾಗ ಫ್ಯಾನು ಅವಳ ಕಡೆಗೇ ತಿರುಗಿತ್ತು. ಬಿಲ್ಲು ಬರೆಯುವ ಪದ್ಮನಾಭ ಅವರು ಕಿಟಕಿಗೆ ಒಂದು ರಟ್ಟು ಒಡ್ಡಿ, ಅವಳು ನೋಡುವ ಪರದೆಗೆ ಬಿಸಿಲು ಬೀಳದ ಹಾಗೆ ಮಾಡಿದ್ದರು. ಇಷ್ಟೆಲ್ಲ ಮಾಡುವವರ ಮುಂದೆ ಕಾಗದ ಹರಡುವುದು ಹೇಗೆ ಎಂದು ಅವಳು ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡಳು.

“ಕಾಕಾ, ಮೊದಲ ಒಂದು ಮಾತು. ತಪ್ಪು ನಂದೈತಿ,” ಎಂದಳು. “ನೀವು ಕೇಳಿದಾಗೆಲ್ಲ ನಾ ನೋಡೋಣ ಅಂದೆ. ನಮ್ಮ ಮನ್ಯಾಗ ನೋಡೋಣ ಅಂದ್ರ ಆಗೂದಿಲ್ಲ ಅಂತ.”

ಹನುಮಂತರಾಯರು ಕನ್ನಡಕ ತೆಗೆದರು. “ಆಗೂದಿಲ್ಲ ಅನ್ನಾಕ ‘ಆಗೂದಿಲ್ಲ’ ಅನ್ನೂ ಮಾತ ಐತೆಲ್ಲವಾ!”

“ಹಿರ್‍ಯಾರಿಗೆ ಹೆಂಗ ಅನ್ನೂದ್ರಿ?”

“ನಮ್ಮ ದಂಧೇದಾಗ ಗಿರಾಕಿ ಬಂದು ಈ ಔಷಧ ಐತೇನ್ರಿ ಅಂದಾಗ ನೋಡೋಣ ಅಂದ್ರ, ಒಳಗ ಹೋಗಿ ನೋಡಿ ತರತೀವಿ ಅಂತ. ನೀನೂ ಒಳಗ ಹೋಗಿ ತರಾಕತ್ತೀ ಅಂತ ನಾ ಕುಂತೀನಿ. ಅಳಿಯಗ ಹೇಳೀನಿ, ವನಜಾಗ ಹೇಳೀನಿ, ಗೋದಾಮಿನ ಹುಡುಗರಿಗೂ ಹೇಳೀನಿ!”

ಮಧುರಾ ಚೀಲದಿಂದ ಕಾಗದ ತೆಗೆದಳು. ಡಿಸೆಂಬರಿನಲ್ಲಿ ಇಬ್ಬರೂ ಸಹಿ ಮಾಡಿದ್ದ ಕೆಲಸದ ಪತ್ರ ಒಂದು ಕಡೆ. ಅದರಲ್ಲಿದ್ದದ್ದು ಖರೀದಿ, ದಾಸ್ತಾನು, ಮಾರಾಟದ ಬಿಲ್ಲು, ವ್ಯಾಪಾರದ ಏರಿಳಿತವನ್ನು ಬಣ್ಣದ ಚಿತ್ರದಲ್ಲಿ ತೋರಿಸುವ ತಿಂಗಳ ವರದಿ. ಇನ್ನೊಂದು ಕಡೆ ಹೊಸ ಹಾಳೆಗಳು, ಒಂದೊಂದು ಕೇಳಿಕೆಗೆ ಒಂದೊಂದು.

ಅವರ ಮುಖ ಬಾಡಿತು. “ಮಗಳ ಅಂತ ಕರದೀನಿ. ನಮ್ಮಿಬ್ಬರ ನಡುವ ಕಾಗದ ತಂದೀಯೇನು?”

ಉತ್ತರ ಕೊಡುವಷ್ಟರಲ್ಲಿ ಫೋನು ಬಡಿಯಿತು. ಯಾರೋ ಹಳೆಯ ಗಿರಾಕಿ ಬಾಯಿಮಾತಿನಲ್ಲೇ ಮಾಲು ಕೇಳುತ್ತಿದ್ದ ಹಾಗಿತ್ತು. “ಅರೇ ಭಾಯ್, ನೀ ನನಗ ತಮ್ಮ ಇದ್ದಂಗ. ಆದ್ರ ಚೀಟಿ ಕಳಸು. ಚೀಟಿ ಇಲ್ಲದ ಮಾಲು ಬಿಡೂದಿಲ್ಲ. ನಾಳೆ ನೀ ಐವತ್ತು ಕೇಳಿದ್ದೆ ಅಂತಿ, ನಾ ನೂರು ಕಳಸೀನಿ ಅಂತೀನಿ, ಜಗಳ ಯಾಕ ನಮ್ಮಿಬ್ಬರಿಗೆ?” ಎಂದು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಹೇಳಿ ಫೋನಿಟ್ಟರು. ಇಟ್ಟವರು ತಿರುಗಿ ನೋಡಿದರೆ ಮಧುರಾ ತಲೆ ತಗ್ಗಿಸಿ ಮೇಜಿನ ಗೆರೆ ನೋಡುತ್ತಿದ್ದಳು. ಪದ್ಮನಾಭ ಅವರು ಬಿಲ್ಲಿನ ಪುಸ್ತಕದ ಹಿಂದೆ ಕೆಮ್ಮಿದರು.

“ಕೆಮ್ಮಬ್ಯಾಡೋ ಪದ್ದಣ್ಣ, ತಿಳೀತು,” ಎಂದರು ಹನುಮಂತರಾಯರು. ನಗುವಿಗೆ ಅವರ ಹೊಟ್ಟೆ ಕುಲುಕಿತು. “ತೋರಸವಾ ನಿನ್ನ ಚೀಟಿ.”

ಮಧುರಾ ಗೋದಾಮಿನ ಹಾಳೆಯಿಂದಲೇ ಶುರು ಮಾಡಿದಳು. ಗೋದಾಮು ಸೇರಿಸಿದರೆ ಪ್ರತಿ ಔಷಧಿಗೂ ಜಾಗದ ಹೆಸರು ಬರಬೇಕು. ಮಾಲು ಅಲ್ಲಿಂದ ಇಲ್ಲಿಗೆ ಬಂದಾಗ ಅದಕ್ಕೊಂದು ಲೆಕ್ಕ ಬೇಕು. ಪರೀಕ್ಷೆ ಮಾಡಿ ಮುಗಿಸಿದ ಬಿಲ್ಲನ್ನೆಲ್ಲ ಮತ್ತೆ ಪರೀಕ್ಷೆ ಮಾಡಬೇಕು. ಎರಡು ವಾರ ಹಿಡಿಯುತ್ತದೆ, ಖರ್ಚು ಇಷ್ಟು, ಏಪ್ರಿಲ್ ಒಂದು ತಪ್ಪುತ್ತದೆ. ಅಷ್ಟನ್ನೂ ಹಾಳೆಯಲ್ಲಿ ಬರೆದಿತ್ತು.

“ಒಂದ ಗೋದಾಮಿಗೆ ಇಷ್ಟು?”

“ಹೂಂರಿ. ಅದಕ್ಕ ಏಪ್ರಿಲ್ ಆದಮ್ಯಾಲ ಎರಡನೇ ಹಂತದಾಗ ಮಾಡೋಣ ಅಂತ ಬರದೀನಿ. ಈಗ ಬೇಕಂದ್ರ ತಾರೀಖು ಮುಂದ ಹೋಗ್ತದ, ಇಲ್ಲಾ ಬೇರೆ ಯಾವುದಾರ ದೊಡ್ಡದು ಬಿಡಬೇಕು. ಯಾವುದು ಅನ್ನೂದು ನಿಮ್ಮ ಕೈಯಾಗ.”

ಅವರು ಬಹಳ ಹೊತ್ತು ಹಾಳೆ ನೋಡಿದರು. ಗೋದಾಮಿಗೆ ‘ಎರಡನೇ ಹಂತ’ ಎಂದು ಗುರುತು ಹಾಕಿದರು. ದೀಪಾವಳಿ ಕಾರ್ಡಿಗೂ ಅದೇ. ಕಂಪನಿಗೆ ಹಿಂದಿರುಗಿಸುವ ಮಾಲಿನ ಲೆಕ್ಕ ಮಾತ್ರ ಈಗಲೇ ಬೇಕು, ಏಪ್ರಿಲ್‌ನಲ್ಲೇ ಕಂಪನಿಯವರು ಬರುತ್ತಾರೆ ಎಂದು ಹಟ ಹಿಡಿದರು.

“ಹಂಗಾರ ತಿಂಗಳ ವರದಿಯೊಳಗಿನ ಬಣ್ಣದ ಚಿತ್ರ ಬಿಡತೀರೇನ್ರಿ? ಎರಡಕ್ಕೂ ಹೆಚ್ಚು ಕಡಿಮಿ ಅಷ್ಟ ದಿನ. ಅದನ್ನ ಮುಂದಕ್ಕ ಹಾಕಿದ್ರ ಇದು ಕೂಡತದ.”

“ಅದು ಅಳಿಯ ಕೇಳಿದ್ದು.” ಅವರು ಗದ್ದ ಕೆರೆದುಕೊಂಡರು. “ಮಾಲು ವಾಪಸ್ ಹೋಗೂದು ಮುಖ್ಯ. ಚಿತ್ರ ಆಮ್ಯಾಲ ನೋಡತಾನ ಬಿಡು.” ಮಹಿಳಾ ಮಂಡಳದ ಹಾಳೆ ಬಂದಾಗ ತಾವೇ ‘ಬೇಡ’ ಎಂದು ಬರೆದರು. “ವನಜಾಗ ನಾ ಹೇಳತೀನಿ. ನೀ ಮನಿಗೆ ಬಂದಾಗ ಆ ಮಾತ ತಗೀಬ್ಯಾಡ.”

ಕೊನೆಯ ಹಾಳೆ, ಔಷಧಿಯ ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ಬಿಲ್ಲಿನ ಪರದೆಯಲ್ಲಿ ಎಚ್ಚರಿಕೆ ಬರಬೇಕು ಎಂಬ ಕೇಳಿಕೆ. ಅದನ್ನು ನೋಡಿದ್ದೇ ಅವರು ತಲೆ ಅಲ್ಲಾಡಿಸಿದರು.

“ಇದು ಹೊಸದಲ್ಲ. ಇದು ಮೊದಲ ಪತ್ರದಾಗ ಐತಿ.”

ಮಧುರಾ ಡಿಸೆಂಬರಿನ ಪತ್ರ ತೆರೆದಳು. ‘ಅವಧಿ ಮುಗಿಯುತ್ತಿರುವ ಔಷಧಿಗಳನ್ನು ತೋರಿಸುವುದು’ ಎಂಬ ಒಂದೇ ಸಾಲು. ತಿಂಗಳಿಗೊಮ್ಮೆ ಪಟ್ಟಿ ತೋರಿಸುವುದು ಎಂದು ಅವಳು ಓದಿಕೊಂಡಿದ್ದಳು. ಬಿಲ್ಲು ಮಾಡುವಾಗಲೇ ತೋರಿಸುವುದು ಎಂದು ಅವರು. ಸಾಲು ಬರೆದವಳು ಅವಳೇ. ಯಾವಾಗ, ಎಲ್ಲಿ ಎಂದು ಬರೆದಿರಲಿಲ್ಲ.

ಒಂದು ಕ್ಷಣ ಅವಳ ಮನಸ್ಸು ತೂಗಿತು. ತನ್ನ ಓದಿಗೂ ಆ ಸಾಲು ಒಪ್ಪುತ್ತಿತ್ತು, ಎರಡು ದಿನದ ಕೆಲಸ ಉಳಿಯುತ್ತಿತ್ತು. ಆದರೆ ಅವಧಿ ಮುಗಿಯಲು ಬಂದ ಔಷಧಿ ಯಾರದೋ ಮನೆಗೆ ಹೋಗದಿರಲಿ ಎಂದು ಕೇಳಿದವರು ಅವರು. ತಾನು ಎಳೆದ ಗೆರೆ ತನ್ನನ್ನೂ ಕಟ್ಟದಿದ್ದರೆ ಅದು ಗೆರೆಯೇ ಅಲ್ಲ.

“ಖರೇ ಐತ್ರಿ ಕಾಕಾ. ನಾ ಬಿಡಿಸಿ ಬರದಿಲ್ಲ. ಇದು ನಮ್ಮ ಕೆಲಸ, ದುಡ್ಡಿಲ್ಲದ ಮಾಡಿಕೊಡ್ತೀವಿ, ತಾರೀಖಿನೊಳಗ,” ಎಂದು ಆ ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಡಿಸೆಂಬರಿನ ಸಾಲಿನ ಕೆಳಗೆ ಈಗ ಒಪ್ಪಿದ ಅರ್ಥವನ್ನು ಬಿಡಿಸಿ ಬರೆದಳು.

ಹನುಮಂತರಾಯರು ಆಗ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. ತಾವೇ ಒಂದು ಖಾಲಿ ಹಾಳೆ ಕೇಳಿದರು.

ಕೆಲಸದ ಮಿತಿ ಹೇಳುವ ಪತ್ರವೊಂದನ್ನು ಇಬ್ಬರೂ ಕೂಡಿ ಬರೆದರು. ಹೊಸ ಕೇಳಿಕೆ ಹನುಮಂತರಾಯರಿಂದ ಮಧುರಾಗೇ ಬರಬೇಕು, ಹುಡುಗರಿಗೆ ಫೋನು ಹೋಗಬಾರದು. ಕೇಳಿಕೆ ಬಂದ ಮೂರು ದಿನದೊಳಗೆ ಅದರ ದಿನ, ಖರ್ಚು, ಪರಿಣಾಮವನ್ನು ಮಧುರಾ ತಿಳಿಸಬೇಕು. ಎರಡೂ ಸಹಿ ಬೀಳದೆ ಕೆಲಸ ಶುರುವಾಗಬಾರದು. ಕೊನೆಯ ಸಾಲನ್ನು ಹನುಮಂತರಾಯರೇ ದಪ್ಪ ಅಕ್ಷರದಲ್ಲಿ ಬರೆದರು: ‘ಈ ಕೆಲಸದಲ್ಲಿ ನೋಡೋಣ ಎಂದರೆ ಸದ್ಯಕ್ಕೆ ಇಲ್ಲ ಎಂದು ಅರ್ಥ.’

ಪತ್ರ ನೋಡಿದ ವಿನಾಯಕ ಆ ಸಾಲಿಗೆ ಬಂದು ಎರಡು ಸಲ ಓದಿದರು. ನಗಲಿಲ್ಲ. ಸಹಿ ಹಾಕಿ, “ಇಷ್ಟು ಸ್ಪಷ್ಟವಾದ ಷರತ್ತು ನಾನು ನೋಡಿಲ್ಲ,” ಎಂದರು. ಸೃಜನ್ ತಾನು ಗೋದಾಮಿಗಾಗಿ ಮಾಡಿದ್ದನ್ನು ಬೇರೆ ತೆಗೆದಿಟ್ಟು, ಹಳೆಯದನ್ನು ಮತ್ತೆ ಜಾಗಕ್ಕೆ ತಂದ. ಚಿತ್ರಾ ಅವನ ಡಬ್ಬಿಗೆ ತನ್ನ ನೀರುದೋಸೆ ಎರಡು ಹಾಕಿದಳು. ಅವನನ್ನು ‘ಮಾರಾಯ’ ಎನ್ನುವುದನ್ನು ಮಾತ್ರ ಬಿಡಲಿಲ್ಲ.

ಏಪ್ರಿಲ್ ಒಂದರ ಬೆಳಗ್ಗೆ ವನಜಾ ಪ್ರಿಂಟರಿಗೆ ಕುಂಕುಮ ಹಚ್ಚಿದರು. ಅದರ ಮೇಲೆ ಮಲ್ಲಿಗೆ ಇಡಲು ಹೋದಾಗ ಚಿತ್ರಾ ಮೆಲ್ಲಗೆ ಕೈ ಹಿಡಿದು ಪಕ್ಕದಲ್ಲಿ ಇಡಿಸಿದಳು. ಪ್ರಿಂಟರು ಕಿರ್ರೆಂದು ಮೊದಲ ಬಿಲ್ಲು ಉಗುಳಿತು. ದಾಸ್ತಾನು ಸರಿಯಾಗಿ ಇಳಿಯಿತು. ಅವಧಿಯ ಎಚ್ಚರಿಕೆ ಕೆಂಪಾಗಿ ಮಿನುಗಿತು. ಹಳೆಯ ಬಿಲ್ಲಿನ ಪುಸ್ತಕಗಳು ಕಪಾಟಿನಲ್ಲಿ ಮುಚ್ಚಿದ ಹಾಗೆಯೇ ಇದ್ದವು. ಸೃಜನ್ ಬಾಗಿಲ ಬಳಿ ಹೋಗಿ ತಾಯಿಗೆ ಫೋನು ಮಾಡಿ ಬಂದ.

ಅಳಿಯನ ಫೋನು ಬಂತು. ಬಣ್ಣದ ಚಿತ್ರದ ವಿಷಯವೇ ಇರಬೇಕು. ಹನುಮಂತರಾಯರು ಮಧುರಾಳ ಕಡೆ ನೋಡುತ್ತ, “ನೋಡೋಣಪಾ,” ಎಂದು ಇಟ್ಟುಬಿಟ್ಟರು.

ಎಲ್ಲರೂ ಪೇಢೆ ತಿನ್ನುತ್ತಿದ್ದಾಗ ಪದ್ಮನಾಭ ಅವರು ಬಿಲ್ಲನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಸೃಜನ್ ಬಳಿ ಬಂದು ಸಣ್ಣ ದನಿಯಲ್ಲಿ ಕೇಳಿದರು: “ಅಕ್ಷರ ಒಂದೀಟು ದೊಡ್ಡವಾಗತಾವೇನಪಾ? ಮಾಲು ತಾಳೆ ನೋಡುವಾಗ ಬ್ಯಾಚ್ ನಂಬರು ಕಾಣಿಸವಲ್ದು.”

“ಅಯ್ಯೋ, ಐದು ನಿಮಿಷದ ಕೆಲಸ ಸಾರ್!” ಎಂದು ಸೃಜನ್ ಕುರ್ಚಿ ಎಳೆದ.

“ಸೃಜನ್,” ಎಂದಳು ಮಧುರಾ.

ಸೃಜನ್ ಕುರ್ಚಿ ಬಿಟ್ಟು ಎದ್ದ. ಪದ್ಮನಾಭ ಅವರು, “ಇರಲಿ ಬಿಡವಾ, ಏನೂ ಅವಸರಿಲ್ಲ,” ಎಂದು ಬಿಲ್ಲು ಮಡಚಿದರು. ಮಧುರಾ ಅದನ್ನು ಅವರ ಕೈಯಿಂದ ತೆಗೆದುಕೊಂಡು ಬಿಡಿಸಿದಳು. ಒಂದು ಸಾಲಿನಲ್ಲಿ ಔಷಧಿಯ ಹೆಸರು, ಬ್ಯಾಚು, ಅವಧಿ, ಬೆಲೆ ಒತ್ತಾಗಿ ಕೂತಿದ್ದವು. ಅಕ್ಷರ ದೊಡ್ಡದಾದರೆ ಸಾಲು ಎರಡಾಗುತ್ತದೆ, ಉದ್ದದ ಬಿಲ್ಲುಗಳು ಎರಡು ಪುಟಕ್ಕೆ ಹೋಗುತ್ತವೆ. ಪುಟದ ಕೆಳಗೆ ಮೊತ್ತ ಎಲ್ಲಿ ಬರಬೇಕು ಎಂಬುದನ್ನೂ ಸರಿಪಡಿಸಬೇಕು. ಐದು ನಿಮಿಷವಲ್ಲ, ಒಂದು ದಿನ.

ಚೀಲದಿಂದ ಖಾಲಿ ಹಾಳೆ ತೆಗೆದು ಅಷ್ಟನ್ನೂ ಬರೆದಳು. ಖರ್ಚಿನ ಜಾಗಕ್ಕೆ ಬಂದಾಗ ಅಲ್ಲಿಂದಲೇ ವಿನಾಯಕ ಅವರಿಗೆ ಫೋನು ಮಾಡಿ ಕೇಳಿದಳು. ಅವರು ಹೂಂ ಎಂದ ಮೇಲೆ ‘ಇಲ್ಲ’ ಎಂದು ಬರೆದು ಹಾಳೆಯನ್ನು ಹನುಮಂತರಾಯರ ಮುಂದೆ ಇಟ್ಟಳು. “ಕಾಗದ ಜಾಸ್ತಿ ಹೋಗ್ತದರಿ. ಅದನ್ನ ನೀವು ಒಪ್ಪಬೇಕು.”

ಅವರು ಓದಿದರು. ಪದ್ಮನಾಭ ಅವರ ಕಡೆ ನೋಡಿದರು. ಅಷ್ಟು ವರ್ಷ ಒಂದೇ ಮೇಜಿನಲ್ಲಿ ಕೂತಿದ್ದರೂ ಗೆಳೆಯನ ಕಣ್ಣು ಮಂಜಾದದ್ದು ಅವರಿಗೆ ಗೊತ್ತಾಗಿರಲಿಲ್ಲ.

“ಎರಡು ಹಾಳಿ ಹೋದ್ರ ಹೋಗ್ಲಿ,” ಎಂದು ಸಹಿ ಹಾಕಿದರು. ಆಮೇಲೆ ಫ್ಯಾನಿನ ಹತ್ತಿರ ಹೋಗಿ, ಅದರ ಮುಖವನ್ನು ಮಧುರಾ ಮತ್ತು ಪದ್ಮನಾಭರ ನಡುವೆ, ಇಬ್ಬರಿಗೂ ಗಾಳಿ ಬರುವ ಹಾಗೆ ತಿರುಗಿಸಿದರು.